ಮತದಾರರ ಪಟ್ಟಿ 2025, ಭಾಗ ಸಂಖ್ಯೆ 87: ಬಿಎಲ್‌ಒ ಪರಿಶೀಲನಾ ಪ್ರತಿ, ಕೊನೆಯ ಪುಟ

ವಿಧಾನಸಭಾ ಕ್ಷೇತ್ರ: 124-ಮೂಡಿಗೆರೆ (ಪ.ಜಾ.)
ಲೋಕಸಭಾ ಕ್ಷೇತ್ರ: 15-ಉಡುಪಿ ಚಿಕ್ಕಮಗಳೂರು
ಗ್ರಾಮ: ಹೊಸಹಳ್ಳಿ. ಹೋಬಳಿ: ಗೋಣಿಬೀಡು. ತಾಲ್ಲೂಕು: ಮೂಡಿಗೆರೆ
ಮತಗಟ್ಟೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಎಡಭಾಗದ ಕೊಠಡಿ
ಅರ್ಹತಾ ದಿನಾಂಕ: 01-01-2025

(✎ ಗುರುತಿನವು ಮನೆ ಭೇಟಿಯಲ್ಲಿ ಪೆನ್ನಿನಿಂದ ಬರೆದವು)

ವಿಭಾಗ 3: ಹೊಸಹಳ್ಳಿ, ಮೇಲಿನ ಬೀದಿ

571 | QQH0413267
ಹೆಸರು: ಪುಟ್ಟೇಗೌಡ
ತಂದೆಯ ಹೆಸರು: ಸಣ್ಣೇಗೌಡ
ಮನೆ ಸಂಖ್ಯೆ: 61
ವಯಸ್ಸು: 87 ಲಿಂಗ: ಪುರುಷ
ಭಾವಚಿತ್ರ ಲಭ್ಯವಿದೆ
✎ ಜಗಲಿಯಿಂದ ಇಳಿಯುವುದೂ ಕಷ್ಟ. 85 ದಾಟಿರುವುದರಿಂದ ಮನೆಯಲ್ಲೇ ಮತ ಹಾಕಬಹುದು; ಚುನಾವಣೆ ಬಂದಾಗ ನಮೂನೆ 12ಡಿ ಕೊಡಬೇಕು. "ಬೂತಿಗೇ ಬತ್ತೀನಿ, ಜೀಪು ಕಳ್ಸಿ" ಅಂತಾರೆ.

572 | QQH0413275
ಹೆಸರು: ಲಕ್ಷ್ಮಮ್ಮ
ಗಂಡನ ಹೆಸರು: ಪುಟ್ಟೇಗೌಡ
ಮನೆ ಸಂಖ್ಯೆ: 61
ವಯಸ್ಸು: 79 ಲಿಂಗ: ಮಹಿಳೆ
ಭಾವಚಿತ್ರ ಲಭ್ಯವಿದೆ
✎ ತೀರಿಕೊಂಡಿದ್ದಾರೆ. ಮರಣ ಪ್ರಮಾಣಪತ್ರದ ಪ್ರತಿ ಮಗನಿಂದ ಪಡೆದಿದೆ. ನಮೂನೆ 7.

573 | QQH1180942
ಹೆಸರು: ಮಂಜುನಾಥ ಎಚ್ ಪಿ
ತಂದೆಯ ಹೆಸರು: ಪುಟ್ಟೇಗೌಡ
ಮನೆ ಸಂಖ್ಯೆ: 61
ವಯಸ್ಸು: 52 ಲಿಂಗ: ಪುರುಷ
ಭಾವಚಿತ್ರ ಲಭ್ಯವಿದೆ
✎ ಸರಿ.

574 | QQH1180959
ಹೆಸರು: ಸುಜಾತ
ತಂದೆಯ ಹೆಸರು: ಮಂಜುನಾಥ ಎಚ್ ಪಿ
ಮನೆ ಸಂಖ್ಯೆ: 61
ವಯಸ್ಸು: 46 ಲಿಂಗ: ಮಹಿಳೆ
ಭಾವಚಿತ್ರ ಲಭ್ಯವಿದೆ
✎ ಮಂಜುನಾಥ ಗಂಡ, ತಂದೆಯಲ್ಲ! ಆರು ವರ್ಷಕ್ಕೇ ಮಗಳು ಹುಟ್ಟಿದಂತಾಗಿದೆ. ನಮೂನೆ 8. ಇವರ ಮಗಳಿಗೆ ಏಪ್ರಿಲ್ 1ರೊಳಗೆ 18 ತುಂಬುತ್ತದೆ, ನಮೂನೆ 6 ಕೊಟ್ಟು ಬಂದಿದೆ.

575 # | QQH2075513
ಹೆಸರು: ಫಾತಿಮಾಬಿ
ಗಂಡನ ಹೆಸರು: ಅಬ್ದುಲ್ ರಜಾಕ್
ಮನೆ ಸಂಖ್ಯೆ: 63/ಎ
ವಯಸ್ಸು: 58 ಲಿಂಗ: ಮಹಿಳೆ
ಭಾವಚಿತ್ರ ಲಭ್ಯವಿದೆ
✎ ಹೋದ ಸಲ "ಪಾತಿಮಬಿ" ಆಗಿತ್ತು. ಈಗ ಸರಿ.

576 | QQH2619807
ಹೆಸರು: ಚೈತ್ರ ಎಚ್ ಕೆ
ತಂದೆಯ ಹೆಸರು: ಕೃಷ್ಣೇಗೌಡ
ಮನೆ ಸಂಖ್ಯೆ: 64
ವಯಸ್ಸು: 27 ಲಿಂಗ: ಮಹಿಳೆ
ಭಾವಚಿತ್ರ ಲಭ್ಯವಿದೆ
✎ ಮದುವೆಯಾಗಿ ಸಕಲೇಶಪುರದಲ್ಲಿದ್ದಾರೆ. ತಾಯಿಗೆ ಹೆಸರು ತೆಗೆಸಲು ಮನಸ್ಸಿಲ್ಲ, "ಹಬ್ಬಕ್ಕೆ ಬರ್ತಾಳಲ್ಲ" ಎಂದರು. ಹೆಸರು ಎರಡು ಕಡೆ ಇರುವಂತಿಲ್ಲ. ಅಲ್ಲಿಂದಲೇ ಸ್ಥಳಾಂತರಕ್ಕೆ ನಮೂನೆ 8 ಹಾಕಲು ಫೋನಿನಲ್ಲಿ ಹೇಳಿದೆ.

ವಿಭಾಗ 4: ಹೊಸಹಳ್ಳಿ, ತೋಟದ ಲೈನ್ ಮನೆಗಳು

✎ ಈ ವಿಭಾಗಕ್ಕೆಲ್ಲ ಮನೆ ಸಂಖ್ಯೆ 0 ಬಿದ್ದಿದೆ. ಪಂಚಾಯ್ತಿ ನಂಬರೇ ಇಲ್ಲದ ಮನೆಗಳು. ಇಷ್ಟೂ ಜನ ಒಂದೇ ಮನೆಯವರೆಂದು ಯಾರಾದರೂ ಆಕ್ಷೇಪಣೆ ಹಾಕುವ ಮೊದಲು ಯಾವ ಲೈನ್, ಎಷ್ಟನೇ ಬಾಗಿಲು ಅಂತ ಕೆಳಗೆ ಗುರುತು ಹಾಕಿದೆ.

577 | QQH0977318
ಹೆಸರು: ಸಣ್ಣಯ್ಯ
ತಂದೆಯ ಹೆಸರು: ಕರಿಯಯ್ಯ
ಮನೆ ಸಂಖ್ಯೆ: 0
ವಯಸ್ಸು: 63 ಲಿಂಗ: ಪುರುಷ
ಭಾವಚಿತ್ರ ಲಭ್ಯವಿದೆ
✎ ಹಳೇ ಲೈನ್, 1ನೇ ಬಾಗಿಲು.

578 | QQH0977326
ಹೆಸರು: ಹುವಮ್ಮ
ಗಂಡನ ಹೆಸರು: ಸಣ್ಣಯ್ಯ
ಮನೆ ಸಂಖ್ಯೆ: 0
ವಯಸ್ಸು: 41 ಲಿಂಗ: ಪುರುಷ
ಭಾವಚಿತ್ರ ಲಭ್ಯವಿದೆ
✎ ಅದೇ ಬಾಗಿಲು. ಹೂವಮ್ಮ ಆಗಬೇಕು, ಲಿಂಗ ಮಹಿಳೆ ಆಗಬೇಕು. ವಯಸ್ಸೂ ತಪ್ಪು: ದೊಡ್ಡ ಮಗನಿಗೇ 38. ಆಧಾರ್ ಪ್ರಕಾರ 59. ಒಂದೇ ನಮೂನೆ 8ರಲ್ಲಿ ಮೂರೂ ತಿದ್ದುಪಡಿ. ಹೆಬ್ಬೆಟ್ಟು ಪಡೆದಿದೆ.

579 | QQH1846021
ಹೆಸರು: ರವಿ ಎಸ್
ತಂದೆಯ ಹೆಸರು: ಸಣ್ಣಯ್ಯ
ಮನೆ ಸಂಖ್ಯೆ: 0
ವಯಸ್ಸು: 38 ಲಿಂಗ: ಪುರುಷ
ಭಾವಚಿತ್ರ ಲಭ್ಯವಿದೆ
✎ ಹಳೇ ಲೈನ್, 2. ಮರಗಸಿ ಮಾಡುವಾಗ ಬಿದ್ದು ಬಲಗಾಲು ಹೋಗಿದೆ. ಅಂಗವಿಕಲ ಮತದಾರ ಎಂದು ಗುರುತಿಸಲು ನಮೂನೆ 8. ಶಾಲೆಯ ರ‍್ಯಾಂಪ್ ಈ ಕೊಠಡಿಯ ಕಡೆಗಿಲ್ಲ, ತಹಶೀಲ್ದಾರರ ಸಭೆಯಲ್ಲಿ ಹೇಳಬೇಕು.

580 | QQH1846039
ಹೆಸರು: ಗಿರಿಜಾ
ಗಂಡನ ಹೆಸರು: ರವಿ ಎಸ್
ಮನೆ ಸಂಖ್ಯೆ: 0
ವಯಸ್ಸು: 33 ಲಿಂಗ: ಮಹಿಳೆ
ಭಾವಚಿತ್ರ ಲಭ್ಯವಿಲ್ಲ
✎ ಹಳೇ ಲೈನ್, 2. ಫೋಟೊ ತೆಗೆದುಕೊಂಡಿದೆ.

581 | QQH2310476
ಹೆಸರು: ಮುರುಗೇಶ
ತಂದೆಯ ಹೆಸರು: ಪಳನಿ
ಮನೆ ಸಂಖ್ಯೆ: 0
ವಯಸ್ಸು: 45 ಲಿಂಗ: ಪುರುಷ
ಭಾವಚಿತ್ರ ಲಭ್ಯವಿದೆ
✎ ಹೊಸ ಲೈನ್, 4. ಬೀಗ. ಕಾಫಿ ಕೊಯ್ಲು ಮುಗಿಸಿ ಊರಿಗೆ ಹೋದವರೋ, ತೋಟವನ್ನೇ ಬಿಟ್ಟವರೋ, ರೈಟರಿಗೂ ಗೊತ್ತಿಲ್ಲ. ಪಾತ್ರೆಪಗಡ ಒಳಗಿವೆ. ತೆಗೆಯುವಂತಿಲ್ಲ, ಮತ್ತೆ ಬರಬೇಕು.

582 | QQH2310484
ಹೆಸರು: ಸೆಲ್ವಿ
ಗಂಡನ ಹೆಸರು: ಮುರುಗೇಶ
ಮನೆ ಸಂಖ್ಯೆ: 0
ವಯಸ್ಸು: 40 ಲಿಂಗ: ಮಹಿಳೆ
ಭಾವಚಿತ್ರ ಲಭ್ಯವಿದೆ
✎ ಮೇಲಿನಂತೆ.

583 | QQH0640185
ಹೆಸರು: ಕಾಳಮ್ಮ
ಗಂಡನ ಹೆಸರು: ತಿಮ್ಮಯ್ಯ
ಮನೆ ಸಂಖ್ಯೆ: 0
ವಯಸ್ಸು: 71 ಲಿಂಗ: ಮಹಿಳೆ
ಭಾವಚಿತ್ರ ಲಭ್ಯವಿದೆ
ತೆಗೆದುಹಾಕಲಾಗಿದೆ
✎ ಬದುಕಿದ್ದಾರೆ! ಹೊಸ ಲೈನ್, 6. ನನಗೆ ಕಾಫಿ ಕಾಸಿ ಕೊಟ್ಟರು. ತೀರಿಹೋದವರು ಕೆಳಗಿನ ಬೀದಿಯ ಇನ್ನೊಬ್ಬ ಕಾಳಮ್ಮ. ಅವರ ಹೆಸರು 212ರಲ್ಲಿ ಹಾಗೇ ಇದೆ. ಇವರಿಗೆ ನಮೂನೆ 6, ಅವರಿಗೆ ನಮೂನೆ 7. ಎರಡನ್ನೂ ನಾನೇ ಕೈಯಾರೆ ತಾಲ್ಲೂಕು ಕಚೇರಿಗೆ ಕೊಡುತ್ತೇನೆ.

584 | QQH2791354
ಹೆಸರು: ದರ್ಶನ್ ಟಿ
ತಂದೆಯ ಹೆಸರು: ತಿಮ್ಮಯ್ಯ
ಮನೆ ಸಂಖ್ಯೆ: 0
ವಯಸ್ಸು: 29 ಲಿಂಗ: ಪುರುಷ
ಭಾವಚಿತ್ರ ಲಭ್ಯವಿದೆ
✎ ಹೊಸ ಲೈನ್, 6. ಸರಿ. ಅಮ್ಮನ ಹೆಸರು ಹೋದದ್ದು ಇವನಿಗೂ ಗೊತ್ತಿರಲಿಲ್ಲ.

\# ಪೂರಕ ಪಟ್ಟಿಯಂತೆ ತಿದ್ದುಪಡಿಯಾದ ನಮೂದು
ವಯಸ್ಸು 01-01-2025ಕ್ಕೆ ಇದ್ದಂತೆ