ಎಳ್ಳು ಬೆಲ್ಲ ತಗೊಂಡು ಹೋಗಿ: ಸಂಕ್ರಾಂತಿಯ ಶುಭಾಶಯಗಳು

ನಮಸ್ಕಾರ. ಆರ್ಡರ್ ಕೊಟ್ಟಾಯ್ತಾ? ಕಾಫಿ ಬರುವಷ್ಟರಲ್ಲಿ ಇದನ್ನೊಂದು ಸಲ ಓದಿ.

ನಿಮಗೂ ನಿಮ್ಮ ಮನೆಯವರಿಗೂ ಸಂಕ್ರಾಂತಿ ಹಬ್ಬದ ಶುಭಾಶಯಗಳು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ.

ಈ ಸಲ ಇಷ್ಟು ಹೇಳಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ದಸರಾ ಮುಗಿದ ಮೇಲೆ ಹೋಟೆಲ್ ಮುಂದಿನ ರಸ್ತೆ ಅಗೆದರಲ್ಲ, ಎರಡು ವಾರ ಅಂದಿದ್ದ ಕೆಲಸ ಏಳು ವಾರ ಆಯಿತು. ಬಾಗಿಲಲ್ಲೇ ಗುಂಡಿ, ಅದರ ಮೇಲೆ ಎರಡು ಹಲಗೆ. ಮಳೆ ಬಂದರೆ ಮೊಣಕಾಲುದ್ದ ಕೆಸರು. ಮೊದಲ ದಿನ ಇಡ್ಲಿ ಹಿಟ್ಟು ಅರ್ಧಕ್ಕರ್ಧ ಉಳಿದುಹೋಯಿತು. ರಾತ್ರಿ ಗಲ್ಲಾ ಮುಚ್ಚುವಾಗ ನನಗೆ ಕೈ ಆಡಲಿಲ್ಲ.

ಮರುದಿನದಿಂದ ನೀವು ಬಂದಿರಿ. ವಾಕಿಂಗ್ ಮುಗಿಸಿ ಬರುವ ಹಿರಿಯರು ಒಬ್ಬರ ಕೈ ಒಬ್ಬರು ಹಿಡಿದು ಹಲಗೆ ದಾಟಿದರು. ಹಿಂದಿನ ಗಲ್ಲಿಯಿಂದ ಸುತ್ತಿ ಬಂದು ಅಡುಗೆಮನೆ ಬಾಗಿಲಲ್ಲೇ ಪಾರ್ಸೆಲ್ ತಗೊಂಡವರು ಎಷ್ಟೋ ಜನ. ಒಬ್ಬರಂತೂ "ಮನೇಲಿ ತಿಂಡಿ ಆಗಿದೆ, ಸುಮ್ನೆ ಕಾಫಿಗೆ ಬಂದೆ" ಅನ್ನುತ್ತಲೇ ದಿನಾ ನಾಲ್ಕು ಇಡ್ಲಿ ಕಟ್ಟಿಸಿಕೊಂಡು ಹೋದರು. ಯಾಕೆ ಅಂತ ನನಗೆ ಗೊತ್ತಾಗುತ್ತಿತ್ತು ಸಾರ್. ಆ ಏಳು ವಾರದಲ್ಲಿ ನಮ್ಮ ಹುಡುಗರಲ್ಲಿ ಒಬ್ಬರ ಸಂಬಳವೂ ಒಂದು ದಿನ ತಡವಾಗಲಿಲ್ಲ. ಅದು ನಿಮ್ಮಿಂದಲೇ ಆದದ್ದು.

ಆಮೇಲೆ ಕಾಫಿ ಪುಡಿ ರೇಟು ಏರಿ, ಕಾಫಿಗೆ 2 ರೂಪಾಯಿ ಜಾಸ್ತಿ ಮಾಡಿದೆವು. ಅದಕ್ಕೂ ನೀವು ಮುಖ ಸಿಂಡರಿಸಲಿಲ್ಲ.

ಬಿಲ್ ಜೊತೆ ಬರುವ ಪೊಟ್ಟಣ ನಿಮಗೆ. ಅದಕ್ಕೆ ದುಡ್ಡಿಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಎಲ್ಲಾ ಇದೆ, ಜೊತೆಗೊಂದು ಸಕ್ಕರೆ ಅಚ್ಚು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತೆ, ನಿಜ. ಆದರೆ ನಮ್ಮ ಅಮ್ಮ ಒಪ್ಪಲಿಲ್ಲ. "ದಿನಾ ನಮ್ಮನೆ ಊಟ ಮಾಡೋರಿಗೆ ಅಂಗಡಿ ಎಳ್ಳು ಬೀರ್ತೀಯೇನೋ?" ಅಂದರು. ಬೆಲ್ಲ ಮಂಡ್ಯದ ಆಲೆಮನೆಯದು, ಕೊಬ್ಬರಿ ತಿಪಟೂರಿನದು. ಕೊಬ್ಬರಿಯ ಕರಿ ಸಿಪ್ಪೆ ಹೆರೆದು, ಬೆಲ್ಲವನ್ನೂ ಕೊಬ್ಬರಿಯನ್ನೂ ಅಡಕತ್ತರಿಯಲ್ಲಿ ಒಂದೇ ಅಳತೆಗೆ ಕತ್ತರಿಸಿ, ಮೂರು ದಿನ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿದ್ದಾರೆ. ಸರಿಯಾಗಿ ಒಣಗದಿದ್ದರೆ ಕಮಟು ವಾಸನೆ ಬರುತ್ತೆ ಅಂತ ದಿನಕ್ಕೆ ನಾಲ್ಕು ಸಲ ಮೇಲೆ ಹತ್ತಿ ನೋಡಿದವರೂ ಅವರೇ. ಅವರಿಗೆ ಎಪ್ಪತ್ತೆರಡು ವರ್ಷ. ಸಕ್ಕರೆ ಅಚ್ಚು ಮಾತ್ರ ಹೊರಗಿನಿಂದ ತಂದದ್ದು. ಮಕ್ಕಳಿಗೆ ಕಡಲೆಬೀಜ ಆಗದಿದ್ದರೆ ಕೌಂಟರಿನಲ್ಲಿ ಹೇಳಿ. ಕಡಲೆಬೀಜ ಸೋಕದಂತೆ ಬೇರೆಯಾಗಿ ಕಟ್ಟಿದ ಪೊಟ್ಟಣಗಳಿವೆ.

ಹಬ್ಬದ ದಿನ, ಜನವರಿ 15ರ ಗುರುವಾರ, ಬೆಳಗ್ಗೆ ಆರೂವರೆಗೆ ತೆರೆಯುತ್ತೇವೆ. ಸಿಹಿ ಪೊಂಗಲ್, ಖಾರ ಪೊಂಗಲ್, ಅವರೆಕಾಳು ಉಪ್ಪಿಟ್ಟು, ಇಡ್ಲಿ ಇರುತ್ತೆ. ಅವರೆಕಾಯಿ ಮಾಗಡಿ ಕಡೆಯದು. ಈ ಸಲ ಚಳಿ ಚೆನ್ನಾಗಿ ಬಿದ್ದು ಸೊಗಡು ಬಾಗಿಲಿಗೇ ಬರುತ್ತಿದೆ, ನೀವೂ ಗಮನಿಸಿರಬಹುದು. ಪೊಂಗಲ್ಲಿಗೆ ಹೆಸರುಬೇಳೆ ಹುರಿದು, ತುಪ್ಪದಲ್ಲೇ ಒಗ್ಗರಣೆ. ಎಣ್ಣೆ ಬೆರೆಸಿಲ್ಲ. ದೋಸೆ ಮಾತ್ರ ಇರುವುದಿಲ್ಲ, ದೋಸೆ ಹಾಕುವವರು ಹಬ್ಬಕ್ಕೆ ಊರಿಗೆ ಹೋಗುತ್ತಿದ್ದಾರೆ. ಎರಡು ವರ್ಷದಿಂದ ಹಬ್ಬಕ್ಕೆ ಮನೆಗೆ ಹೋಗಿರಲಿಲ್ಲ. ಈ ಸಲ ನಾನೇ ಹೋಗಿ ಬನ್ನಿ ಅಂದೆ. ನೀವು ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಗೊತ್ತು.

ಹನ್ನೊಂದೂವರೆಗೆ ಮುಚ್ಚುತ್ತೇವೆ. ಹುಡುಗರೆಲ್ಲ ಮಧ್ಯಾಹ್ನ ನಮ್ಮ ಮನೆಯಲ್ಲಿ ಎಲೆ ಹಾಕಿಕೊಂಡು ಊಟ ಮಾಡುತ್ತಾರೆ. ವರ್ಷವೆಲ್ಲ ಬಡಿಸುವವರು ಆ ಒಂದು ದಿನ ಕೂತು ಬಡಿಸಿಸಿಕೊಳ್ಳಲಿ. ಮತ್ತೆ ನಾಲ್ಕಕ್ಕೆ ತೆರೆದು ರಾತ್ರಿ ಒಂಬತ್ತರವರೆಗೆ ಇರುತ್ತೇವೆ.

ಸಂಜೆ ಗವಿ ಗಂಗಾಧರೇಶ್ವರನಿಗೆ ನಂದಿಯ ಕೊಂಬಿನ ನಡುವಿನಿಂದ ಸೂರ್ಯ ಕಿರಣ ಬೀಳುವುದನ್ನು ನೋಡಲು ಬರುವವರಿಂದ ನಮ್ಮ ಬೀದಿ ತುಂಬಿ ಹೋಗುತ್ತೆ. ಕ್ಯೂನಲ್ಲಿ ನಿಂತು ಕಾಲು ನೋಯಿಸಿಕೊಂಡು ಬಂದವರಿಗೆ ಒಳಗೆ ಕೂರಲು ಜಾಗ ಬೇಕಾಗುತ್ತೆ. ಆ ಹೊತ್ತಿನಲ್ಲಿ ಸ್ವಲ್ಪ ಒತ್ತಾಗಿ ಕೂರಬೇಕಾದರೆ ದಯವಿಟ್ಟು ಸಹಕರಿಸಿ. ಕಿಟಕಿ ಪಕ್ಕದ ಮೇಜು ಮಾತ್ರ ಐದೂವರೆಗೆ ಎಂದಿನ ಹಾಗೆ ನಮ್ಮ ಹಿರಿಯರ ಗುಂಪಿಗೇ.

ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದೆ ಬರಲು ಆಗದಿದ್ದರೆ ಹೇಳಿ. ಅವರಿಗೂ ಒಂದು ಪೊಟ್ಟಣ ಕಟ್ಟಿಕೊಡುತ್ತೇವೆ, ಪೊಂಗಲ್ ಕೂಡ.

ಇಂತಿ ನಿಮ್ಮ,
ಗಲ್ಲಾದಲ್ಲಿ ಕೂರುವ ನಾನು, ಅಮ್ಮ, ಮನೆಯವರು, ಅಡುಗೆಯವರು, ಸಪ್ಲೈಯರ್ ಹುಡುಗರು
ಗವಿಪುರ, ಬೆಂಗಳೂರು