ಕೋರ್ಸ್ ಮುಗಿದರೂ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿ.ಸಿ. ಕೊಡದೆ ತಡೆಹಿಡಿದಿರುವ ಬಗ್ಗೆ ದೂರು

ದಿನಾಂಕ: 8 ಸೆಪ್ಟೆಂಬರ್ 2025

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ

ಪ್ರತಿ: ಪ್ರಾಂಶುಪಾಲರು

ಸರ್ / ಮೇಡಂ,

ನಾನು 2022ರಲ್ಲಿ ನಮ್ಮ ಕಾಲೇಜಿಗೆ ಬಿ.ಸಿ.ಎ. ಸೇರಿದವಳು. ಈ ವರ್ಷ ಆರನೇ ಸೆಮಿಸ್ಟರ್ ಮುಗಿಸಿದ್ದೇನೆ, ಎಲ್ಲ ಪೇಪರ್ ಪಾಸಾಗಿವೆ. ಆದರೂ ನನ್ನ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕಾಲೇಜಿನ ಬೀರುವಿನಲ್ಲೇ ಇವೆ. ಯೂನಿವರ್ಸಿಟಿಯಿಂದ ಬಂದಿರುವ ಪ್ರೊವಿಷನಲ್ ಸರ್ಟಿಫಿಕೇಟ್ ಕೂಡ ಕೈಗೆ ಸಿಕ್ಕಿಲ್ಲ, ಟಿ.ಸಿ. ಬರೆದೇ ಕೊಟ್ಟಿಲ್ಲ. ಕಾರಣ ಕೇಳಿದರೆ ಅಕೌಂಟ್ಸ್ ಸೆಕ್ಷನ್‌ನಿಂದ ಬರುವ ಉತ್ತರ ಒಂದೇ: 22,500 ರೂಪಾಯಿ ಬಾಕಿ ಇದೆ, ಕಟ್ಟಿ ತಗೊಂಡು ಹೋಗಿ.

ಈ 22,500 ಯಾವುದು ಅಂತ ಹೇಳಬೇಕು. ನನ್ನ ಮೂರನೇ ವರ್ಷದ ಫೀಸ್ ಪೂರ್ತಿ 2024ರ ಆಗಸ್ಟ್‌ನಲ್ಲೇ ಕಟ್ಟಿದ್ದೇನೆ, ರಸೀದಿ ಇದೆ. ಅದಾದ ಮೇಲೆ ನವೆಂಬರ್‌ನಲ್ಲಿ ನೋಟಿಸ್ ಬೋರ್ಡಿಗೆ ಒಂದು ಸೂಚನೆ ಹಾಕಿದರು. ಹೊರಗಿನ ಒಂದು ಸಂಸ್ಥೆಯವರು ಪ್ಲೇಸ್‌ಮೆಂಟ್ ಟ್ರೈನಿಂಗ್ ಕೊಡುತ್ತಾರೆ, ಫೀಸ್ 18,000, ಆಸಕ್ತಿ ಇರುವವರು ಹೆಸರು ಕೊಡಿ ಅಂತ ಅದರಲ್ಲಿತ್ತು. ನನಗೆ ಅಷ್ಟು ದುಡ್ಡು ಹೊಂದಿಸಲು ಆಗುವುದಿಲ್ಲ, ಟ್ರೈನಿಂಗ್ ಬೇಡ ಅಂತ ನವೆಂಬರ್ 20ರಂದು ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದುಕೊಟ್ಟೆ. ಅದರ ಪ್ರತಿಯ ಮೇಲೆ ಆಫೀಸಿನ ಸೀಲು ಇದೆ. ಒಂದೇ ಒಂದು ಕ್ಲಾಸಿಗೂ ನಾನು ಹೋಗಿಲ್ಲ, ಆ ಟ್ರೈನಿಂಗ್‌ನ ಹಾಜರಿ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ. ಈಗ ರಿಸಲ್ಟ್ ಬಂದ ಮೇಲೆ ಅದು ಎಲ್ಲರಿಗೂ ಕಡ್ಡಾಯವಾಗಿತ್ತು ಎನ್ನುತ್ತಿದ್ದಾರೆ. ತಡವಾಗಿದೆ ಅಂತ 4,500 ದಂಡ ಬೇರೆ ಸೇರಿಸಿದ್ದಾರೆ. ಸೇರುವಾಗ ನಮಗೆ ಕೊಟ್ಟ ಪ್ರಾಸ್ಪೆಕ್ಟಸ್‌ನ ಫೀಸ್ ಪಟ್ಟಿಯಲ್ಲಿ ಇಂಥ ಒಂದು ಸಾಲು ಎಲ್ಲೂ ಇಲ್ಲ.

ಇನ್ನೊಂದು ವಿಷಯ ಗಮನಿಸಿ. ಫೀಸ್ ಬಾಕಿ ಇದ್ದವರಿಗೆ ನಮ್ಮ ಕಾಲೇಜಿನಲ್ಲಿ ಹಾಲ್ ಟಿಕೆಟ್ ಕೊಡುವುದಿಲ್ಲ, ಇದು ಎಲ್ಲರಿಗೂ ಗೊತ್ತಿರುವ ಮಾತು. ನನಗೆ ಮೇ ತಿಂಗಳಲ್ಲಿ ಯಾವ ತಕರಾರೂ ಇಲ್ಲದೆ ಹಾಲ್ ಟಿಕೆಟ್ ಕೊಟ್ಟರು. ಆಗ ಇಲ್ಲದ ಬಾಕಿ ಪರೀಕ್ಷೆ ಮುಗಿದು ಮನೆಗೆ ಹೋದ ಮೇಲೆ ಎಲ್ಲಿಂದ ಬಂತು? ಲೈಬ್ರರಿ, ಲ್ಯಾಬ್, ವಿಭಾಗ ಎಲ್ಲರೂ ನೋ ಡ್ಯೂ ಫಾರಂಗೆ ಸಹಿ ಹಾಕಿದ್ದಾರೆ. ಅಕೌಂಟ್ಸ್‌ನದ್ದು ಒಂದೇ ಖಾಲಿ.

ಸರಿ, ಫೀಸಿನ ವಿಷಯದಲ್ಲಿ ಕಾಲೇಜು ಹೇಳುವುದೇ ಸರಿ ಎಂದು ಒಂದು ಕ್ಷಣ ಇಟ್ಟುಕೊಳ್ಳೋಣ. ಆಗಲೂ ನನ್ನ ಮಾರ್ಕ್ಸ್ ಕಾರ್ಡ್ ತಡೆಹಿಡಿಯುವ ಅಧಿಕಾರ ಯಾರಿಗಿದೆ? ಅವು ಬೋರ್ಡ್ ನನಗೆ ಕೊಟ್ಟ ದಾಖಲೆಗಳು. ಒಡವೆ ಅಡವಿಟ್ಟ ಹಾಗೆ ನಾನು ಅವನ್ನು ಕಾಲೇಜಿನಲ್ಲಿ ಇಟ್ಟಿಲ್ಲ. ಅಡ್ಮಿಷನ್ ದಿನ ವೆರಿಫಿಕೇಶನ್‌ಗೆ ಬೇಕು, ಎರಡು ದಿನದಲ್ಲಿ ವಾಪಸ್ ಕೊಡುತ್ತೇವೆ ಎಂದು ತೆಗೆದುಕೊಂಡಿದ್ದರು. ಮೂರು ವರ್ಷವಾಯಿತು.

ಯುಜಿಸಿ 2018ರ ಅಕ್ಟೋಬರ್‌ನಲ್ಲೇ ಇದರ ಬಗ್ಗೆ ಅಧಿಸೂಚನೆ ಹೊರಡಿಸಿದೆ. ಅಡ್ಮಿಷನ್ ಸಮಯದಲ್ಲಿ ಒರಿಜಿನಲ್ ನೋಡಿ, ಪರಿಶೀಲಿಸಿ, ಕೂಡಲೇ ವಿದ್ಯಾರ್ಥಿಗೆ ವಾಪಸ್ ಕೊಡಬೇಕು, ಸ್ವಯಂ ದೃಢೀಕರಿಸಿದ ಜೆರಾಕ್ಸ್ ಪ್ರತಿ ಇಟ್ಟುಕೊಂಡರೆ ಸಾಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಹಾಗಾಗಿ ಬಾಕಿ ಇರಲಿ ಇಲ್ಲದಿರಲಿ, ಆ ಕಾರ್ಡ್‌ಗಳು 2022ರಲ್ಲೇ ನನ್ನ ಮನೆಯಲ್ಲಿರಬೇಕಿತ್ತು. ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳನ್ನೂ ಓದಿದ್ದೇನೆ. ಘೋಷಿಸಿದ್ದಕ್ಕಿಂತ ಜಾಸ್ತಿ ಹಣ ಕೇಳುವುದು, ವಿದ್ಯಾರ್ಥಿಗೆ ಬೇಡವಾದ ಕೋರ್ಸಿನ ಫೀಸ್ ಕಟ್ಟಿಸಿಕೊಳ್ಳಲು ದಾಖಲೆ ತಡೆಹಿಡಿಯುವುದು, ಎರಡನ್ನೂ ಆ ನಿಯಮಗಳು ಕುಂದುಕೊರತೆ ಎಂದೇ ಹೆಸರಿಸುತ್ತವೆ. ನನಗೆ ಆಗಿರುವುದು ಎರಡೂ.

ಅಕೌಂಟ್ಸ್ ಸೆಕ್ಷನ್‌ನವರ ನಡವಳಿಕೆ ಬಗ್ಗೆಯೂ ಹೇಳಲೇಬೇಕು. ಯಾವ ನಿಯಮದ ಪ್ರಕಾರ ಕೊಡುವುದಿಲ್ಲ ಅಂತ ಬರೆದುಕೊಡಿ ಎಂದು ಕೇಳಿದೆ. ಬರೆದುಕೊಡಲಿಲ್ಲ. ಇಮೇಲ್ ಕಳಿಸಿದರೆ ಆಫೀಸಿಗೆ ಬಂದು ಮಾತಾಡಿ ಎಂದರು, ಆಫೀಸಿಗೆ ಹೋದರೆ ಮ್ಯಾನೇಜ್‌ಮೆಂಟ್‌ನವರು ಬರಲಿ ಎಂದರು. ಕೊನೆಗೆ ಅಪ್ಪನನ್ನು ಕರೆದುಕೊಂಡು ಹೋದಾಗ ಒಂದು ಟೈಪ್ ಮಾಡಿದ ಮುಚ್ಚಳಿಕೆ ಮುಂದಿಟ್ಟರು. ಟ್ರೈನಿಂಗ್ ಫೀಸನ್ನು ನಾನು ಸ್ವಇಚ್ಛೆಯಿಂದ ಕಟ್ಟುತ್ತಿದ್ದೇನೆ, ಮುಂದೆ ಯಾವ ತಕರಾರೂ ಮಾಡುವುದಿಲ್ಲ ಅಂತ ಅದರಲ್ಲಿತ್ತು. ಸಹಿ ಹಾಕಲಿಲ್ಲ. ಹಾಕುವುದೂ ಇಲ್ಲ. ನನ್ನ ಕ್ಲಾಸಿನ ಕೆಲವರು ಹಾಕಿ, ದುಡ್ಡು ಕಟ್ಟಿ, ದಾಖಲೆ ತಗೊಂಡು ಹೋದರು. ಅವರಿಗೆ ಒಪ್ಪಿಗೆ ಇತ್ತು ಅಂತಲ್ಲ. ಒಬ್ಬಳಿಗೆ ಎಂ.ಸಿ.ಎ. ಅಡ್ಮಿಷನ್ ತಪ್ಪಿಹೋಗುವ ಭಯ, ಇನ್ನೊಬ್ಬನಿಗೆ ಮನೆಯಲ್ಲಿ ಬೈಯುತ್ತಾರೆ ಎಂಬ ಭಯ. ಹೆದರಿಸಿ ತೆಗೆದುಕೊಂಡ ಸಹಿಯನ್ನು ಸ್ವಇಚ್ಛೆ ಎಂದು ಫೈಲಿಗೆ ಹಾಕುವುದು ನನಗೆ ಈ ಇಡೀ ವಿಷಯದಲ್ಲಿ ತುಂಬಾ ನೋವು ಕೊಟ್ಟ ಸಂಗತಿ.

ನನ್ನ ಅವಸರ ಯಾಕೆ ಅಂದರೆ, ನನಗೆ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಸೆಪ್ಟೆಂಬರ್ 1ಕ್ಕೆ ಸೇರಬೇಕಿತ್ತು. ಒರಿಜಿನಲ್ ದಾಖಲೆ ತೋರಿಸದೆ ಸೇರಿಸಿಕೊಳ್ಳುವುದಿಲ್ಲ ಎಂದರು, ನಾನು ಕೇಳಿಕೊಂಡಿದ್ದಕ್ಕೆ ಸೆಪ್ಟೆಂಬರ್ 30ರ ತನಕ ಸಮಯ ಕೊಟ್ಟಿದ್ದಾರೆ. ಇನ್ನೊಮ್ಮೆ ಮುಂದೂಡಲು ಆಗುವುದಿಲ್ಲ ಎಂದು ಇಮೇಲ್‌ನಲ್ಲೇ ತಿಳಿಸಿದ್ದಾರೆ. ಅಪ್ಪ ಸಾಲ ಮಾಡಿ ನನ್ನನ್ನು ಓದಿಸಿದ್ದಾರೆ, ಈ ಕೆಲಸ ನಮ್ಮ ಮನೆಗೆ ಬೇಕೇ ಬೇಕು.

2023ರ ನಿಯಮದ ಪ್ರಕಾರ ಸಮಿತಿ ಆದಷ್ಟು ಮಟ್ಟಿಗೆ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಆ ಲೆಕ್ಕಕ್ಕೆ ತಿಂಗಳೇ ಮುಗಿದುಹೋಗುತ್ತದೆ. ಅದಕ್ಕೇ ನನ್ನ ಕೋರಿಕೆಯನ್ನು ಎರಡಾಗಿ ನೋಡಿ. ಮೊದಲು, ಎಸ್‌ಎಸ್‌ಎಲ್‌ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್, ಪ್ರೊವಿಷನಲ್ ಸರ್ಟಿಫಿಕೇಟ್, ಟಿ.ಸಿ. ನಾಲ್ಕನ್ನೂ ಸೆಪ್ಟೆಂಬರ್ 15ರೊಳಗೆ ಯಾವ ಷರತ್ತೂ ಇಲ್ಲದೆ, ಮುಚ್ಚಳಿಕೆ ಇಲ್ಲದೆ ಕೊಡಿಸಿ. ಫೀಸಿನ ತಕರಾರನ್ನು ಆಮೇಲೆ ನಿಧಾನವಾಗಿ ವಿಚಾರಿಸಿ. ನಾನು ಎಲ್ಲಿಗೂ ಓಡಿಹೋಗುವುದಿಲ್ಲ, ಕರೆದ ದಿನ ಬಂದು ಸಮಿತಿಯ ಮುಂದೆ ಕೂತು ಉತ್ತರ ಕೊಡುತ್ತೇನೆ. ಟ್ರೈನಿಂಗ್ ಕಡ್ಡಾಯ ಎಂದು ಯಾವಾಗ, ಯಾರು ತೀರ್ಮಾನ ಮಾಡಿದರು, ಅದನ್ನು ನಮಗೆ ಹೇಗೆ ತಿಳಿಸಿದರು ಎಂಬ ದಾಖಲೆಯನ್ನು ಕಾಲೇಜೂ ಆಗ ತೋರಿಸಲಿ. ಹಾಗೆಯೇ ಸಹಿ ಹಾಕಿ ದುಡ್ಡು ಕಟ್ಟಿದವರ ವಿಷಯವನ್ನೂ ಸಮಿತಿ ತಾನಾಗಿಯೇ ಕೈಗೆತ್ತಿಕೊಳ್ಳಬೇಕು ಎಂದು ಕೇಳುತ್ತೇನೆ, ಅವರು ಮುಂದೆ ಬರಲು ಹೆದರುತ್ತಿದ್ದಾರೆ.

ಸೆಪ್ಟೆಂಬರ್ 15ರೊಳಗೆ ದಾಖಲೆ ಸಿಗದಿದ್ದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ದಾಖಲಿಸುತ್ತೇನೆ. ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಯೂನಿವರ್ಸಿಟಿಯ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕುತ್ತೇನೆ. ಇದನ್ನು ಬೆದರಿಕೆ ಎಂದು ತಿಳಿಯಬೇಡಿ, ನನ್ನ ಮುಂದೆ ಬೇರೆ ದಾರಿ ಉಳಿದಿಲ್ಲ. ಇಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರುಗಳ ಮೇಲೆ ನನಗೆ ಯಾವ ದೂರೂ ಇಲ್ಲ, ಈ ವಿಷಯ ಕಾಲೇಜಿನೊಳಗೇ ಬಗೆಹರಿಯಬೇಕು ಎಂಬುದೇ ನನ್ನ ಆಸೆ.

ಈ ಪತ್ರದ ಜೊತೆ ಮೂರನೇ ವರ್ಷದ ಫೀಸ್ ರಸೀದಿ, ಪ್ರಾಸ್ಪೆಕ್ಟಸ್‌ನ ಫೀಸ್ ಪಟ್ಟಿ, ನವೆಂಬರ್ 20ರ ಪತ್ರದ ಸೀಲು ಇರುವ ಪ್ರತಿ, ಹಾಲ್ ಟಿಕೆಟ್, ನೋ ಡ್ಯೂ ಫಾರಂ, ನಾನು ಕಳಿಸಿದ ಇಮೇಲ್‌ಗಳು, ಕಂಪನಿಯ ಇಮೇಲ್ ಮತ್ತು ನನ್ನ ಐಡಿ ಕಾರ್ಡ್ ಪ್ರತಿ ಇಟ್ಟಿದ್ದೇನೆ. ಹೆಸರು, ರಿಜಿಸ್ಟರ್ ನಂಬರ್, ಫೋನ್ ನಂಬರ್ ಐಡಿ ಕಾರ್ಡ್‌ನಲ್ಲಿವೆ. ದೂರು ತಲುಪಿದ್ದಕ್ಕೆ ಒಂದು ಸ್ವೀಕೃತಿ ಕೊಡಿ.

ಇಂತಿ ನಿಮ್ಮ ವಿದ್ಯಾರ್ಥಿನಿ,
ಬಿ.ಸಿ.ಎ., 2022–25ರ ಬ್ಯಾಚ್