ಅಧ್ಯಾಯ 3, ಧ್ವನಿವಿಜ್ಞಾನ: ಧ್ವನಿಗಳ ವರ್ಗೀಕರಣ ಪಟ್ಟಿ, ಉದಾಹರಣೆ ಪದಗಳೊಂದಿಗೆ

ನಮ್ಮ ಓದುಗುಂಪಿಗಾಗಿ ಇಡೀ ಅಧ್ಯಾಯವನ್ನು ಪಟ್ಟಿಗೆ ಇಳಿಸಿದ್ದೇನೆ. ಪದಗಳನ್ನು ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಹೇಳಿ. ನಾಲಿಗೆ ಎಲ್ಲಿಗೆ ಹೋಯ್ತು ಅಂತ ಗಮನಿಸಿದರೆ ಅರ್ಧ ಅಧ್ಯಾಯ ಅಲ್ಲೇ ಮುಗಿಯುತ್ತದೆ.

ವ್ಯಂಜನಕ್ಕೆ ಕೇಳಬೇಕಾದ ಪ್ರಶ್ನೆ ಮೂರು. ಉಸಿರಿಗೆ ತಡೆ ಎಲ್ಲಿ? ತಡೆ ಎಂಥದ್ದು? ಗಂಟಲಿನ ನಾದತಂತುಗಳು ಅದುರುತ್ತವಾ? ಕೊನೆಯದಕ್ಕೆ ಗಂಟಲ ಮೇಲೆ ಬೆರಳಿಟ್ಟು "ಸ್‌ಸ್‌ಸ್" ಅನ್ನಿ, ಆಮೇಲೆ "ಮ್‌ಮ್‌ಮ್" ಅನ್ನಿ. ಅದುರಿದರೆ ಘೋಷ, ಇಲ್ಲದಿದ್ದರೆ ಅಘೋಷ.

ವ್ಯಂಜನಗಳು

| ತಡೆಯ ರೀತಿ | ಸ್ಥಾನ | ಧ್ವನಿ | ಪದಗಳು |
|---|---|---|---|
| ಸ್ಪರ್ಶ | ಎರಡು ತುಟಿ | ಪ, ಬ | ಪರಿ, ಬರಿ |
| ಸ್ಪರ್ಶ | ಹಲ್ಲು | ತ, ದ | ತನ, ದನ |
| ಸ್ಪರ್ಶ | ಮೂರ್ಧನ್ಯ (ನಾಲಿಗೆ ತುದಿ ಹಿಂದಕ್ಕೆ ಮಡಚಿ) | ಟ, ಡ | ಆಟ, ಓಡು |
| ಸ್ಪರ್ಶ | ಮೃದು ತಾಲು | ಕ, ಗ | ಕಂಡ, ಗಂಡ |
| ಸ್ಪರ್ಶಘರ್ಷ | ತಾಲು | ಚ, ಜ | ಚಳಿ, ಜಡೆ |
| ಅನುನಾಸಿಕ | ತುಟಿ, ಹಲ್ಲು, ಮೂರ್ಧನ್ಯ | ಮ, ನ, ಣ | ಮರ, ನರಿ, ಹಣ |
| ಘರ್ಷ | ವರ್ತ್ಸ (ಮೇಲ್ಹಲ್ಲಿನ ಹಿಂದಿನ ದಿಬ್ಬ) | ಸ | ಸರ |
| ಘರ್ಷ | ತಾಲು, ಮೂರ್ಧನ್ಯ | ಶ, ಷ | ಶಾಲೆ, ಭಾಷೆ |
| ಘರ್ಷ | ಗಂಟಲು | ಹ | ಹೂವು |
| ಪಾರ್ಶ್ವಿಕ | ವರ್ತ್ಸ, ಮೂರ್ಧನ್ಯ | ಲ, ಳ | ಹಾಲು, ಹಾಳು |
| ಕಂಪಿತ | ವರ್ತ್ಸ | ರ | ಮರ |
| ಅರ್ಧಸ್ವರ | ಹಲ್ಲು-ತುಟಿ, ತಾಲು | ವ, ಯ | ವಾರ, ಯಾರು |

ಇಲ್ಲಿ ಎರಡು ಕಡೆ ಹಳೆಯ ವ್ಯಾಕರಣದ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಕ-ವರ್ಗಕ್ಕೆ ಅಲ್ಲಿ "ಕಂಠ್ಯ" ಅಂತಾರೆ. ಆದರೆ ನಾಲಿಗೆಯ ಹಿಂಭಾಗ ಮುಟ್ಟುವುದು ಮೃದು ತಾಲನ್ನು, ಗಂಟಲನ್ನಲ್ಲ. ಹಾಗೇ ಚ, ಜ ಬರೀ ಸ್ಪರ್ಶಗಳಲ್ಲ. ತಡೆ ಬಿಡುವಾಗ ಉಸಿರು ಉಜ್ಜಿಕೊಂಡು ಹೊರಬರುತ್ತದೆ, ಅದಕ್ಕೇ ಬೇರೆ ಸಾಲು. ಹಾಗಂತ ವರ್ಣಮಾಲೆಯನ್ನು ಕಡೆಗಣಿಸಬೇಡಿ. ಕ, ಚ, ಟ, ತ, ಪ ಅಂತ ನಿಧಾನವಾಗಿ ಹೇಳಿ ನೋಡಿ: ತಡೆ ಬಾಯಿಯ ಹಿಂದಿನಿಂದ ತುಟಿಯವರೆಗೆ ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ. ಎಷ್ಟು ಚೆಂದದ ಜೋಡಣೆ ಅಲ್ವಾ!

ಒಂದೇ ಒಂದು ಧ್ವನಿ ಬದಲಾದರೆ ಅರ್ಥವೇ ಬದಲಾಗುವ ಜೋಡಿಗಳನ್ನು ಬಾಯಿಪಾಠ ಮಾಡಿಕೊಳ್ಳಿ: ಓಡು–ಓದು, ಆಟ–ಆತ, ಬಲೆ–ಬಳೆ. ಹಲ್ಲು ಮತ್ತು ಮೂರ್ಧನ್ಯ ಸ್ಥಾನಗಳ ವ್ಯತ್ಯಾಸ ಕನ್ನಡದಲ್ಲಿ ಎಷ್ಟು ಕೆಲಸ ಮಾಡುತ್ತದೆ ಅಂತ ಮೊದಲೆರಡು ಜೋಡಿ ತೋರಿಸುತ್ತವೆ. ಅಚ್ಚಕನ್ನಡ ಪದಗಳು ಣ, ಳ ದಿಂದ ಶುರುವಾಗುವುದಿಲ್ಲ, ಇದೂ ನೆನಪಿರಲಿ.

ಸೊನ್ನೆ ಒಂದೇ, ಧ್ವನಿ ಐದು

ಅಧ್ಯಾಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಬರೆಯುವಾಗ ಎಲ್ಲ ಕಡೆ ಒಂದೇ ಸೊನ್ನೆ. ಹೇಳುವಾಗ ಅದು ಮುಂದಿನ ವ್ಯಂಜನದ ಜಾಗಕ್ಕೇ ಹೋಗಿ ಕೂರುತ್ತದೆ.

| ಪದ | ಮುಂದಿನ ಧ್ವನಿ | ಸೊನ್ನೆಯ ಉಚ್ಚಾರ |
|---|---|---|
| ಅಂಕ | ಕ | ಙ |
| ಪಂಚೆ | ಚ | ಞ |
| ಅಂಟು | ಟ | ಣ |
| ಅಂದ | ದ | ನ |
| ಅಂಬು | ಬ | ಮ |

"ಅಂಬು" ಅನ್ನುವಾಗ ಸೊನ್ನೆಗೇ ತುಟಿ ಮುಚ್ಚಿರುತ್ತದೆ. "ಅಂಕ" ಅನ್ನುವಾಗ ತುಟಿ ತೆರೆದೇ ಇರುತ್ತದೆ. ಕನ್ನಡಿ ಮುಂದೆ ಹೇಳಿ, ಗೊತ್ತಾಗುತ್ತದೆ. ಙ, ಞ ಮೇಲಿನ ಪಟ್ಟಿಯಲ್ಲಿ ಇಲ್ಲದಿರುವುದಕ್ಕೆ ಕಾರಣವೂ ಇದೇ: ಇವತ್ತಿನ ಕನ್ನಡದಲ್ಲಿ ಅವು ಬಹುಪಾಲು ಹೀಗೆ ಇನ್ನೊಂದು ವ್ಯಂಜನದ ಜೊತೆಗೇ ಬರುತ್ತವೆ.

ಮಹಾಪ್ರಾಣ: ಖರ್ಚು, ಘನ, ಛಲ, ಧನ, ಫಲ, ಭಾರ. ಜಾಸ್ತಿ ಉಸಿರು ಸೇರಿದ ಧ್ವನಿಗಳು, ಹೆಚ್ಚಾಗಿ ಎರವಲು ಪದಗಳಲ್ಲಿ ಬರುತ್ತವೆ. "ಫ್ಯಾನ್" ಪದದ ಫ ಮಾತ್ರ ಈ ಗುಂಪಿನದಲ್ಲ. ಅಲ್ಲಿ ಮೇಲ್ಹಲ್ಲು ಕೆಳತುಟಿಗೆ ತಾಗಿ ಉಸಿರು ಉಜ್ಜುತ್ತದೆ, ಅದು ಘರ್ಷ. ಅಕ್ಷರ ಒಂದೇ, ಧ್ವನಿ ಎರಡು. ಷ-ದಲ್ಲಿ ಇದರ ತಿರುವು: ಅಕ್ಷರ ಬೇರೆ, ಆದರೆ ಮಾತಿನಲ್ಲಿ ತುಂಬಾ ಜನ ಅದನ್ನು ಶ ಥರಾನೇ ಹೇಳುತ್ತಾರೆ.

ಸ್ವರಗಳು

ಇಲ್ಲಿ ತಡೆಯೇ ಇಲ್ಲ. ನಾಲಿಗೆಯ ಯಾವ ಭಾಗ ಏಳುತ್ತದೆ, ಎಷ್ಟು ಏಳುತ್ತದೆ, ತುಟಿ ದುಂಡಗಾಗುತ್ತದಾ, ಇಷ್ಟೇ.

| ನಾಲಿಗೆ | ಸ್ವರ | ಪದಗಳು |
|---|---|---|
| ಮುಂಭಾಗ, ಎತ್ತರ | ಇ, ಈ | ಬಿಡು, ಬೀಡು |
| ಮುಂಭಾಗ, ಮಧ್ಯ | ಎ, ಏ | ಕೆಡು, ಕೇಡು |
| ನಡುಭಾಗ, ಕೆಳಗೆ | ಅ, ಆ | ಕಡು, ಕಾಡು |
| ಹಿಂಭಾಗ, ಮಧ್ಯ, ತುಟಿ ದುಂಡಗೆ | ಒ, ಓ | ಕೊಡು, ಕೋಡು |
| ಹಿಂಭಾಗ, ಎತ್ತರ, ತುಟಿ ದುಂಡಗೆ | ಉ, ಊ | ಕುಡಿ, ಕೂಡಿ |

ಅ ಮತ್ತು ಆ ಒಂದೇ ಸಾಲಿನಲ್ಲಿದ್ದರೂ ಅ-ಗೆ ಬಾಯಿ ಅಷ್ಟು ತೆರೆಯುವುದಿಲ್ಲ, ಅಂದರೆ ವ್ಯತ್ಯಾಸ ಬರೀ ಉದ್ದದ್ದಲ್ಲ. ಐ, ಔ ಜಾರುಸ್ವರಗಳು, ನಾಲಿಗೆ ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಸುತ್ತದೆ: ಐದು, ಔತಣ.

ಉದ್ದ ವ್ಯಂಜನದಲ್ಲೂ ಲೆಕ್ಕಕ್ಕೆ ಬರುತ್ತದೆ. "ಕತೆ"ಗೆ ತ-ದ ತಡೆ ಒಂದು ಕ್ಷಣ, "ಕತ್ತೆ"ಗೆ ಅದೇ ತಡೆಯನ್ನು ಜಾಸ್ತಿ ಹೊತ್ತು ಹಿಡಿಯುತ್ತೇವೆ. ಎರಡು ಸಲ ತ ಹೇಳುವುದಿಲ್ಲ.